ಒಂದೇ ಮನೆಯ ಎರಡು ಕೀಲುನೋವು: ಸವೆತವೋ, ರುಮಟಾಯ್ಡೋ?

ಅಡಿಕೆ ಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ರಾತ್ರಿ ಊಟವಾದ ಮೇಲೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಕೆಲಸ ಇರುತ್ತದೆ. ಆ ತಿಂಗಳುಗಳಲ್ಲಿ ಕೈ ನೋವು ಅಂದರೆ ಯಾರೂ ಎರಡನೇ ಸಲ ವಿಚಾರಿಸುವುದಿಲ್ಲ. ಸುಲಿದದ್ದಕ್ಕೆ ನೋವು, ಥಂಡಿಗೆ ನೋವು, ವಯಸ್ಸಾಯಿತಲ್ಲ ಅದಕ್ಕೆ ನೋವು ಎಂದು ಮುಗಿಸುತ್ತಾರೆ. ಹೆಚ್ಚಿನವರ ವಿಷಯದಲ್ಲಿ ಅದು ನಿಜವೇ. ಆದರೆ ಸುಲಿಯುವವರ ಸಾಲಿನಲ್ಲಿ ಒಬ್ಬರಿಗೆ ರುಮಟಾಯ್ಡ್ ಸಂಧಿವಾತ ಶುರುವಾಗಿದ್ದರೆ, ಅದನ್ನೂ ಸವೆತದ ಲೆಕ್ಕಕ್ಕೆ ಸೇರಿಸಿ ಕಳೆದ ಆರು ತಿಂಗಳು ಅವರ ಕೈಗೆ ಮತ್ತೆ ಸಿಗುವುದಿಲ್ಲ.

ಹೋಲಿಕೆಗೆ ಒಂದು ಮನೆಯನ್ನು ಕಣ್ಮುಂದೆ ಇಟ್ಟುಕೊಳ್ಳೋಣ. ಅತ್ತೆಗೆ 66 ವರ್ಷ, ಸೊಸೆಗೆ 42. ಅತ್ತೆಗೆ ಹತ್ತು ವರ್ಷದಿಂದ ಮಂಡಿನೋವು, ಬೆರಳ ತುದಿಯ ಗಂಟುಗಳು ಕಲ್ಲಿನ ಹಾಗೆ ಉಬ್ಬಿವೆ. ಸೊಸೆಗೆ ಎರಡೂ ಕೈ ನೋವು ಶುರುವಾಗಿ ಹತ್ತು ವಾರ. ಇಬ್ಬರೂ ಒಂದೇ ದಿನ ರಕ್ತ ಕೊಟ್ಟು ಬಂದರು. ಅತ್ತೆಯ ವರದಿಯಲ್ಲಿ ಆರ್‌ಎ ಫ್ಯಾಕ್ಟರ್ 26, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಪಾಸಿಟಿವ್. ಸೊಸೆಯದು 11, ನೆಗೆಟಿವ್. ಮನೆಯವರು ತೀರ್ಮಾನಿಸಿದ್ದು: ಅತ್ತೆಗೆ ರುಮಟಾಯ್ಡ್, ಸೊಸೆಗೆ ಕೆಲಸದ ನೋವು. ಇದು ಪೂರ್ತಿ ತಿರುವುಮುರುವು. ಹೇಗೆ ಎಂಬುದು ಗೊತ್ತಾಗಬೇಕಾದರೆ ರಕ್ತದ ವರದಿಯನ್ನು ಸದ್ಯಕ್ಕೆ ಮಡಚಿಟ್ಟು ಬೆಳಗಿನ ಹೊತ್ತಿನಿಂದ ಶುರುಮಾಡಬೇಕು.

ಬೆಳಗಿನ ಬಿಗಿತ ಎಷ್ಟು ಹೊತ್ತು?

ಎದ್ದ ತಕ್ಷಣ ಕೀಲು ಹಿಡಿದುಕೊಳ್ಳುವುದು ಎರಡರಲ್ಲೂ ಇದೆ. ಆದ್ದರಿಂದ "ಬೆಳಿಗ್ಗೆ ಬಿಗಿತ ಇದೆಯಾ?" ಎಂಬ ಪ್ರಶ್ನೆಯಿಂದ ಏನೂ ತಿಳಿಯದು. ಕೇಳಬೇಕಾದದ್ದು, ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು. ಸವೆತದ ಬಿಗಿತ ನಾಲ್ಕು ಹೆಜ್ಜೆ ಹಾಕಿದರೆ ಸಡಿಲವಾಗುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ರುಮಟಾಯ್ಡ್ ಬಿಗಿತ ಒಂದು ಗಂಟೆಯಾದರೂ ಇರುತ್ತದೆ, ರೋಗ ಜೋರಾಗಿದ್ದರೆ ಮಧ್ಯಾಹ್ನದವರೆಗೂ ಎಳೆಯುತ್ತದೆ.

ಹೊತ್ತು ಅಳೆಯುವಾಗ ಗಡಿಯಾರಕ್ಕಿಂತ ಮನೆಗೆಲಸವೇ ನಂಬಿಕೆಯ ಅಳತೆ. ಐದೂವರೆಗೆ ಏಳುವವರು ಹಾಲು ಕರೆಯುವಾಗ ಕೈ ಬರುತ್ತದೆಯೇ? ಅಕ್ಕಿ ರೊಟ್ಟಿ ತಟ್ಟುವಾಗ ಬೆರಳು ಪೂರ್ತಿ ಅಗಲಿಸಲು ಆಗುತ್ತದೆಯೇ? ಬಟ್ಟೆ ಹಿಂಡುವ ಹೊತ್ತಿಗೆ ಮುಷ್ಟಿ ಕಟ್ಟುತ್ತದೆಯೇ? ನಮ್ಮ ಸೊಸೆಗೆ ರೊಟ್ಟಿ ತಟ್ಟಲು ಆಗುವುದು ಎಂಟು ಗಂಟೆಯ ಮೇಲೆ, ಅದೂ ಬಿಸಿನೀರಲ್ಲಿ ಕೈ ಅದ್ದಿದ ಮೇಲೆ. ಎದ್ದು ಎರಡೂವರೆ ಗಂಟೆ ಆಗಿರುತ್ತದೆ. ಅತ್ತೆ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವಷ್ಟರಲ್ಲಿ ಮಂಡಿ ಸಡಿಲ. ಆದರೆ ಸಂಜೆ ಹೊತ್ತಿಗೆ, ತೋಟದ ಮೆಟ್ಟಿಲು ಹತ್ತಿಳಿದ ಮೇಲೆ, ಅದೇ ಮಂಡಿ ಹಿಂಡುತ್ತದೆ. ಮಧ್ಯಾಹ್ನ ಟೀವಿ ಮುಂದೆ ಕೂತು ಎದ್ದಾಗಲೂ ಒಂದು ಕ್ಷಣ ಹಿಡಿಯುತ್ತದೆ, ಮತ್ತೆ ಬಿಡುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ಕೀಲಿನೊಳಗಿದೆ. ಎರಡು ಮೂಳೆ ಸೇರುವಲ್ಲಿ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ, ಸುತ್ತ ಚೀಲದಂಥ ಕವಚ ಇರುತ್ತದೆ, ಆ ಕವಚದ ಒಳಮೈಗೆ ತೆಳುವಾದ ಪೊರೆ. ಸವೆತದಲ್ಲಿ ತೊಂದರೆ ಮುಖ್ಯವಾಗಿ ಮೃದ್ವಸ್ಥಿಯದು. ಅದು ತೆಳುವಾಗುತ್ತದೆ, ಬಿರುಕು ಬಿಡುತ್ತದೆ, ಅಂಚಿನಲ್ಲಿ ಮೂಳೆ ಮುಳ್ಳಿನಂತೆ ಬೆಳೆಯುತ್ತದೆ. ಭಾರ ಬಿದ್ದಾಗ ನೋವು, ಕೂತರೆ ಆರಾಮ. ರುಮಟಾಯ್ಡ್‌ನಲ್ಲಿ ಕೆಡುವುದು ಪೊರೆ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ಅದರ ಮೇಲೆ ಬೀಳುತ್ತದೆ. ಪೊರೆ ಉರಿಯೂತದಿಂದ ದಪ್ಪವಾಗಿ, ನೀರು ತುಂಬಿ, ಮೂಳೆಯ ಅಂಚನ್ನು ಕೊರೆಯಲು ಶುರುಮಾಡುತ್ತದೆ. ಕೀಲು ಅಲುಗದ ರಾತ್ರಿ ಹೊತ್ತಲ್ಲಿ ಈ ನೀರು ಅಲ್ಲೇ ನಿಲ್ಲುತ್ತದೆ. ಉರಿಯೂತದ ರಾಸಾಯನಿಕಗಳೂ ನಸುಕಿನ ಹೊತ್ತಿಗೇ ರಕ್ತದಲ್ಲಿ ಏರುತ್ತವೆ. ಹೀಗಾಗಿ ವಿಶ್ರಾಂತಿ ಪಡೆದಷ್ಟೂ ಬಿಗಿಯುತ್ತದೆ, ಕೆಲಸ ಮಾಡಿದಂತೆ ಸ್ವಲ್ಪ ಹಗುರಾಗುತ್ತದೆ. "ಎರಡು ದಿನ ಕೆಲಸ ಬಿಟ್ಟು ಮಲಗಿದೆ, ಇನ್ನೂ ಜಾಸ್ತಿ ಆಯ್ತು" ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಯಾವ ಗಂಟು, ಮುಟ್ಟಿದರೆ ಹೇಗಿದೆ

ಕೈಯನ್ನು ಮೇಜಿನ ಮೇಲೆ ಚಾಚಿ ಬೆರಳಿನ ಮೂರು ಸಾಲು ಗಂಟು ನೋಡಿ. ಉಗುರಿನ ಹತ್ತಿರದ ತುದಿ ಗಂಟು, ನಡುವಿನ ಗಂಟು, ಮುಷ್ಟಿ ಕಟ್ಟಿದಾಗ ಗುಡ್ಡದ ಸಾಲಿನ ಹಾಗೆ ಏಳುವ ಬುಡದ ಗಂಟು. ತುದಿ ಗಂಟು ಸವೆತದ ಜಾಗ. ಅಲ್ಲಿ ಗಟ್ಟಿಯಾದ ಮೂಳೆಯ ಉಬ್ಬು ಸಿಕ್ಕರೆ, ಹೆಬ್ಬೆರಳ ಬುಡದಲ್ಲೂ ನೋವಿದ್ದರೆ, ಅದು ಬಹುಪಾಲು ಸವೆತವೇ. ರುಮಟಾಯ್ಡ್ ತುದಿ ಗಂಟನ್ನು ಸಾಮಾನ್ಯವಾಗಿ ಬಿಟ್ಟು, ಬುಡದ ಗಂಟು, ನಡು ಗಂಟು, ಮಣಿಕಟ್ಟು ಹಿಡಿಯುತ್ತದೆ. ಎಡಕ್ಕೆ ಬಂದದ್ದು ಬಲಕ್ಕೂ ಬರುತ್ತದೆ. ಪಾದದ ಬೆರಳ ಬುಡದಲ್ಲೂ ಬರುತ್ತದೆ. ಬೆಳಿಗ್ಗೆ ಮೊದಲ ಹೆಜ್ಜೆಗಳು ಜಲ್ಲಿಕಲ್ಲಿನ ಮೇಲೆ ಇಟ್ಟ ಹಾಗಿವೆ ಅನ್ನುವವರು ಹೇಳುತ್ತಿರುವುದು ಇದನ್ನೇ.

ಸ್ಪರ್ಶ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಅತ್ತೆಯ ಗಂಟು ಕಲ್ಲಿನ ಹಾಗೆ ಗಟ್ಟಿ, ಒತ್ತಿದರೆ ತಗ್ಗುವುದಿಲ್ಲ. ಸೊಸೆಯ ತೋರುಬೆರಳು, ನಡುಬೆರಳಿನ ಬುಡ ಮೆತ್ತಗೆ ಉಬ್ಬಿದೆ. ಬೆರಳಿನಿಂದ ಒತ್ತಿದರೆ ಚೆನ್ನಾಗಿ ಹದವಾದ ಹಿಟ್ಟನ್ನು ಒತ್ತಿದಂತೆ ಅನುಭವ, ಎರಡು ಗಂಟಿನ ನಡುವಿನ ಗುಳಿ ತುಂಬಿಹೋಗಿದೆ, ಮುಟ್ಟಿದರೆ ಬೆಚ್ಚಗಿದೆ. ಆಕೆಯ ಅಂಗೈಯನ್ನು ಕೈಕುಲುಕುವಂತೆ ಹಿಡಿದು ನಾಲ್ಕೂ ಬೆರಳ ಬುಡವನ್ನು ಅಡ್ಡಕ್ಕೆ ಮೆಲ್ಲಗೆ ಹಿಂಡಿದರೆ ಮುಖ ಕಿವುಚುತ್ತಾಳೆ. ಹಿಂಡಿ ನೋಡುವ ಈ ಪರೀಕ್ಷೆಗೆ ಉಪಕರಣ ಬೇಡ, ಆದರೆ ಇದು ತಾನೇ ರೋಗನಿರ್ಣಯ ಅಲ್ಲ. ಬೇಗ ತಜ್ಞರ ಹತ್ತಿರ ಕಳಿಸಬೇಕೇ ಎಂಬುದಕ್ಕೆ ಒಳ್ಳೆಯ ಸೂಚನೆ. ಉಂಗುರ ಬೆರಳಿಗೆ ಹಾಕಿದ ಉಂಗುರ ಕಳೆದ ತಿಂಗಳಿಂದ ತೆಗೆಯಲು ಆಗುತ್ತಿಲ್ಲ, ಬಳೆ ಮಣಿಕಟ್ಟಿನ ಉಬ್ಬು ದಾಟುತ್ತಿಲ್ಲ ಎನ್ನುವುದೂ ಅದೇ ಸುದ್ದಿ.

ಎಕ್ಸ್‌ರೇ ಬಗ್ಗೆ ಒಂದು ಎಚ್ಚರಿಕೆ. ಅತ್ತೆಯ ಮಂಡಿಯ ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಸಂದು ಕಿರಿದಾಗಿದ್ದು, ಅಂಚಿನ ಮುಳ್ಳು ಎದ್ದು ಕಾಣುತ್ತದೆ. ಸೊಸೆಯ ಕೈಯ ಎಕ್ಸ್‌ರೇ ಮೊದಲ ತಿಂಗಳುಗಳಲ್ಲಿ ಪೂರಾ ಸರಿಯಾಗಿ ಕಾಣಬಹುದು. ಮೂಳೆ ಕೊರೆದ ಗುರುತು ಎಕ್ಸ್‌ರೇಗೆ ಬೀಳುವುದು ಕೊರೆತ ನಡೆದ ಮೇಲೆ. "ಎಕ್ಸ್‌ರೇ ನಾರ್ಮಲ್, ಏನೂ ಇಲ್ಲ" ಎಂದು ವಾಪಸು ಬಂದವರು ಊತ ಹಾಗೇ ಇದ್ದರೆ ಅಲ್ಲಿಗೆ ಬಿಡಬಾರದು. ಕೀಲಿನ ಅಲ್ಟ್ರಾಸೌಂಡ್‌ನಲ್ಲಿ ಪೊರೆಯ ಊತ ಇನ್ನೂ ಬೇಗ ಕಾಣುತ್ತದೆ.

ಈಗ ರಕ್ತದ ವರದಿ

ಆರ್‌ಎ ಅಂದರೆ ರುಮಟಾಯ್ಡ್ ಸಂಧಿವಾತ, ಹೀಗಾಗಿ ಆರ್‌ಎ ಫ್ಯಾಕ್ಟರ್ ಎಂಬ ಹೆಸರೇ ಜನರ ದಾರಿ ತಪ್ಪಿಸುತ್ತದೆ. ಇದು ರುಮಟಾಯ್ಡ್ ಇರುವವರಲ್ಲಿ ಸುಮಾರು ನೂರಕ್ಕೆ 70 ಜನರಿಗೆ ಪಾಸಿಟಿವ್ ಬರುತ್ತದೆ, ಉಳಿದವರಿಗೆ ಇಲ್ಲ. ಇತ್ತ ರುಮಟಾಯ್ಡ್ ಇಲ್ಲದ ಆರೋಗ್ಯವಂತರಲ್ಲೂ, ವಯಸ್ಸಾದಂತೆ ಹೆಚ್ಚು ಜನರಲ್ಲಿ, ಕಡಿಮೆ ಪ್ರಮಾಣದಲ್ಲಿ ಕಾಣಿಸುತ್ತದೆ. ಹೆಪಟೈಟಿಸ್ ಸಿ, ಕ್ಷಯದಂಥ ದೀರ್ಘ ಸೋಂಕುಗಳಲ್ಲೂ ಬರುತ್ತದೆ. ಪ್ರಯೋಗಾಲಯದ ಮಿತಿ 14 ಇದ್ದಾಗ ಅತ್ತೆಯ 26 ಎಂದರೆ ಎರಡು ಪಟ್ಟೂ ಆಗಲಿಲ್ಲ. ಮಿತಿಯ ಮೂರು ಪಟ್ಟಿನೊಳಗೆ ಇರುವುದನ್ನು ಕಡಿಮೆ ಪಾಸಿಟಿವ್ ಎಂದೇ ಓದುತ್ತಾರೆ. ಮೆತ್ತನೆ ಊತವಿಲ್ಲದ 66ರ ಹೆಂಗಸಿನಲ್ಲಿ ಆ ಅಂಕಿಗೆ ಯಾವ ತೂಕವೂ ಇಲ್ಲ.

ಉರಿಯೂತದ ಅಳತೆಯಾದ ಇಎಸ್‌ಆರ್ ಕೂಡ ಹಾಗೆಯೇ. ಅತ್ತೆಯ ವರದಿಯಲ್ಲಿ 36 ಇದೆ, ಪಕ್ಕದಲ್ಲಿ ಸಹಜ ಮಿತಿ 20 ಎಂದು ಅಚ್ಚಾಗಿದೆ. ಆದರೆ ಇಎಸ್‌ಆರ್ ವಯಸ್ಸಿನ ಜೊತೆ ಏರುತ್ತದೆ. ಹೆಂಗಸರಿಗೆ ವಯಸ್ಸಿಗೆ 10 ಸೇರಿಸಿ ಅರ್ಧ ಮಾಡಿ, ಗಂಡಸರಿಗೆ ವಯಸ್ಸಿನ ಅರ್ಧ, ಇದು ಸ್ಥೂಲ ಮಿತಿ. 66ಕ್ಕೆ 10 ಸೇರಿಸಿ ಅರ್ಧ ಮಾಡಿದರೆ 38. ಅತ್ತೆಯ 36 ಅದರೊಳಗೇ ಬಂತು. ರಕ್ತಹೀನತೆ ಇದ್ದರೂ ಇಎಸ್‌ಆರ್ ಏರುತ್ತದೆ, ಆದ್ದರಿಂದ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡದೆ ಅದನ್ನು ಓದಬಾರದು. ಸಿಆರ್‌ಪಿ ಉರಿಯೂತಕ್ಕೆ ಬೇಗ ಏರಿ ಬೇಗ ಇಳಿಯುತ್ತದೆ, ಹೀಗಾಗಿ ಔಷಧ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಹೆಚ್ಚು ಉಪಯೋಗ. ಎರಡೂ ಸಹಜವಾಗಿದ್ದೂ ಕೀಲು ಊದಿರುವ ರುಮಟಾಯ್ಡ್ ರೋಗಿಗಳು ಇದ್ದಾರೆ.

ಸೊಸೆಗೆ ಮೊದಲ ಸಲ ಬರೆಯದೆ ಬಿಟ್ಟದ್ದು ಆಂಟಿ-ಸಿಸಿಪಿ ಎಂಬ ಪ್ರತಿಕಾಯದ ಪರೀಕ್ಷೆ. ಇದು ಪಾಸಿಟಿವ್ ಆದರೆ, ಅದರಲ್ಲೂ ಮಿತಿಯ ಮೂರು ಪಟ್ಟು ದಾಟಿದರೆ, ರುಮಟಾಯ್ಡ್ ಅಲ್ಲದೆ ಬೇರೆ ಕಾರಣ ಇರುವುದು ಅಪರೂಪ. ರೋಗ ಕಾಣಿಸುವುದಕ್ಕೆ ವರ್ಷಗಳ ಮೊದಲೇ ಇದು ರಕ್ತದಲ್ಲಿ ಇರಬಲ್ಲದು. ಎಷ್ಟು ಹೆಚ್ಚೋ ಮೂಳೆ ಕೊರೆಯುವ ಅಪಾಯವೂ ಅಷ್ಟು ಹೆಚ್ಚು. ಆಕೆಯದು ಬಂದದ್ದು 142, ಮಿತಿ 20. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಆಗಿದ್ದು ಇದು ಪಾಸಿಟಿವ್ ಇರುವುದು ವಿಚಿತ್ರವೇನಲ್ಲ. ಎರಡೂ ನೆಗೆಟಿವ್ ಇದ್ದೂ ರುಮಟಾಯ್ಡ್ ಇರುವವರೂ ಇದ್ದಾರೆ, ಅವರನ್ನು ಗುರುತಿಸುವುದು ಊದಿದ ಕೀಲನ್ನು ಮುಟ್ಟಿ ನೋಡಿಯೇ. ಯೂರಿಕ್ ಆಮ್ಲ, ಎಎಸ್‌ಒ ಎಂದು ಪಟ್ಟಿಯಲ್ಲಿ ಸೇರಿಸಿದ ಪರೀಕ್ಷೆಗಳು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

2010ರಲ್ಲಿ ಅಮೆರಿಕ ಮತ್ತು ಯೂರೋಪಿನ ಸಂಧಿವಾತ ತಜ್ಞರ ಸಂಘಗಳು ಸೇರಿ ಮಾಡಿದ ಅಂಕ ಪದ್ಧತಿ ಇದೆ. ಸೊಸೆಯ ಲೆಕ್ಕ ಹಾಕಿ ನೋಡೋಣ. ಎರಡೂ ಕೈಯ ತೋರುಬೆರಳು ಮತ್ತು ನಡುಬೆರಳ ಬುಡ, ಒಟ್ಟು ನಾಲ್ಕು. ಎರಡು ಮಣಿಕಟ್ಟು ಸೇರಿ ಆರು ಸಣ್ಣ ಕೀಲು, ನಾಲ್ಕರಿಂದ ಹತ್ತು ಸಣ್ಣ ಕೀಲಿಗೆ 3 ಅಂಕ. ಆಂಟಿ-ಸಿಸಿಪಿ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು, 3 ಅಂಕ. ಸಿಆರ್‌ಪಿ 24, ಸಹಜ ಮಿತಿ ಮೀರಿದೆ, 1 ಅಂಕ. ಆರು ವಾರ ದಾಟಿದೆ, 1 ಅಂಕ. ಒಟ್ಟು 8. ಹತ್ತರಲ್ಲಿ 6 ಬಂದರೆ ರುಮಟಾಯ್ಡ್ ಎಂದು ಪರಿಗಣಿಸುತ್ತಾರೆ. ಅತ್ತೆಗೆ ಈ ಲೆಕ್ಕ ಹಾಕಲೇ ಬಾರದು. ಪೊರೆಯ ಊತ ಕಣ್ಣಿಗೆ ಕಂಡು, ಅದಕ್ಕೆ ಬೇರೆ ವಿವರಣೆ ಇಲ್ಲದಿದ್ದಾಗ ಮಾತ್ರ ಲೆಕ್ಕ ಶುರು. ಬೆರಳ ತುದಿ ಗಂಟು, ಹೆಬ್ಬೆರಳ ಬುಡ ಎಣಿಕೆಗೇ ಬರುವುದಿಲ್ಲ.

ಎರಡೂ ಅಲ್ಲದೆ ಇರಬಹುದಾದದ್ದು

ಮೊದಲು ಜ್ವರ ಬಂದಿತ್ತೇ ಎಂದು ಕೇಳಬೇಕು. ಚಿಕೂನ್‌ಗುನ್ಯಾ ಆದವರಿಗೆ ಎರಡೂ ಕೈ, ಮಣಿಕಟ್ಟು, ಕಾಲಿನ ಹರಡು ಊದಿ, ಬೆಳಗಿನ ಬಿಗಿತ ಸಮೇತ ರುಮಟಾಯ್ಡ್‌ನದೇ ಪಡಿಯಚ್ಚು ಬರುತ್ತದೆ. ಬಹಳ ಜನರಿಗೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಇಳಿಯುತ್ತದೆ. ಆಂಟಿ-ಸಿಸಿಪಿ ಸಾಮಾನ್ಯವಾಗಿ ನೆಗೆಟಿವ್. ಮೂರು ತಿಂಗಳು ದಾಟಿಯೂ ಊತ ಉಳಿದರೆ ರುಮಟಾಯ್ಡ್ ಹಾಗೆಯೇ ನೋಡಬೇಕಾಗುತ್ತದೆ. ಸೋರಿಯಾಸಿಸ್ ಇರುವವರ ಕೀಲುನೋವು ತುದಿ ಗಂಟನ್ನೂ ಹಿಡಿಯುತ್ತದೆ, ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿ ಕಾಣುತ್ತದೆ.

ಸಾಗರ ತಾಲ್ಲೂಕಿನವರಿಗೆ ಇನ್ನೊಂದು ಮಾತು. 1970ರ ದಶಕದಲ್ಲಿ ಹಂದಿಗೋಡಿನಲ್ಲಿ ಮೊದಲು ಗುರುತಿಸಿದ ಹಂದಿಗೋಡು ಕಾಯಿಲೆ ಮೂಳೆಯ ಬೆಳವಣಿಗೆಯ ವಂಶಪಾರಂಪರ್ಯ ದೋಷ. ಮುಖ್ಯವಾಗಿ ಸೊಂಟದ ಕೀಲು ಎಳೆ ವಯಸ್ಸಿನಲ್ಲೇ ಸವೆಯುತ್ತದೆ. ಅದು ರುಮಟಾಯ್ಡ್ ಅಲ್ಲ, ಈ ಮುಂದೆ ಹೇಳುವ ಔಷಧಗಳಿಂದ ಅದಕ್ಕೆ ಪ್ರಯೋಜನವೂ ಇಲ್ಲ.

ಸವೆತಕ್ಕೆ ಬೇಕಾದದ್ದು

ಅತ್ತೆಯ ಮಂಡಿಗೆ ತೊಡೆಯ ಮುಂಭಾಗದ ಸ್ನಾಯುವೇ ಊರುಗೋಲು. ಕುರ್ಚಿಯಲ್ಲಿ ಬೆನ್ನು ತಾಗಿಸಿ ಕೂತು ಒಂದು ಕಾಲನ್ನು ನೇರಕ್ಕೆ ಚಾಚಿ, ತೊಡೆ ಬಿಗಿಹಿಡಿದು ಹತ್ತು ಎಣಿಸುವವರೆಗೆ ನಿಲ್ಲಿಸಿ, ನಿಧಾನ ಇಳಿಸುವುದು. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆರಡು ಹೊತ್ತು. ಎರಡು ತಿಂಗಳು ಬಿಡದೆ ಮಾಡಿದರೆ ಮೆಟ್ಟಿಲಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಮೈ ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಕೋಲು ಹಿಡಿಯುವುದಾದರೆ ನೋವಿರುವ ಮಂಡಿಯ ಎದುರು ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಸುಲಿಯುವ ಕೆಲಸ ಎತ್ತರದ ಮಣೆಯ ಮೇಲೆ, ಕಾಲು ಮಡಚದೆ. ನೋವಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚುವುದು ಮಾತ್ರೆಗಿಂತ ಹೊಟ್ಟೆಗೂ ಕಿಡ್ನಿಗೂ ಸುರಕ್ಷಿತ. ರಾತ್ರಿ ನಿದ್ದೆಗೂ ನೋವು ಬಿಡದಂತಾದರೆ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಇದೆ, ಅದನ್ನು ಆಲೋಚಿಸಲು ಸಮಯವೂ ಇದೆ. ಸವೆತದಲ್ಲಿ ನಾಲ್ಕು ತಿಂಗಳು ತಡವಾದರೆ ದೊಡ್ಡ ನಷ್ಟವಿಲ್ಲ. ಆರ್‌ಎ ಫ್ಯಾಕ್ಟರ್ ನೋಡಿ ಅತ್ತೆಗೆ ರುಮಟಾಯ್ಡ್‌ನ ಔಷಧವಾದ ಮೆಥೋಟ್ರೆಕ್ಸೇಟ್ ಶುರುಮಾಡಿದರೆ ಮಾತ್ರ ಲಾಭವಿಲ್ಲದ ಅಪಾಯ.

ರುಮಟಾಯ್ಡ್‌ಗೆ ಮೊದಲ ಮೂರು ತಿಂಗಳು

ಸೊಸೆಯ ವಿಷಯದಲ್ಲಿ ದಿನ ಎಣಿಸಬೇಕು. ಊದಿದ ಪೊರೆ ಕೊರೆದ ಮೂಳೆ ಮತ್ತೆ ಮೊದಲಿನಂತೆ ತುಂಬಿಕೊಳ್ಳುವುದಿಲ್ಲ. ಚಿಕಿತ್ಸೆ ಸಿಗದವರಲ್ಲಿ ಈ ಹಾನಿಯ ದೊಡ್ಡ ಪಾಲು ಮೊದಲ ಎರಡು ವರ್ಷಗಳಲ್ಲೇ ಆಗಿಬಿಡುತ್ತದೆ. ಆಮೇಲೆ ಬೆರಳು ಒಂದು ಪಕ್ಕಕ್ಕೆ ವಾಲುತ್ತವೆ, ಮಣಿಕಟ್ಟು ಕೂಡಿಕೊಳ್ಳುತ್ತದೆ. ಅದಕ್ಕೇ ಯೂರೋಪಿನ ತಜ್ಞರ ಮಾರ್ಗಸೂಚಿ, ಲಕ್ಷಣ ಶುರುವಾದ ಆರು ವಾರದೊಳಗೆ ತಜ್ಞರು ನೋಡಬೇಕು, ಮೂರು ತಿಂಗಳೊಳಗೆ ರೋಗದ ಗತಿ ಬದಲಿಸುವ ಔಷಧ ಶುರುವಾಗಬೇಕು ಎನ್ನುತ್ತದೆ. ಬೇಗ ಶುರುಮಾಡಿದವರಲ್ಲಿ ರೋಗ ಪೂರ್ತಿ ಅಡಗುವ ಸಂಭವವೂ ಹೆಚ್ಚು. ಸೊಸೆಗೆ ಈಗಾಗಲೇ ಹತ್ತು ವಾರ.

ಇಲ್ಲಿ ಜನ ಎಡವುವುದು ನೋವಿನ ಮಾತ್ರೆಯಲ್ಲಿ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್ ನುಂಗಿದರೆ ನೋವು, ಬಿಗಿತ ಕಡಿಮೆಯಾಗುತ್ತದೆ. ಮೂಳೆ ಕೊರೆಯುವುದು ನಿಲ್ಲುವುದಿಲ್ಲ. ನೋವಿಲ್ಲದೆ ಕೊರೆತ ನಡೆಯುವುದರಿಂದ ವೈದ್ಯರ ಹತ್ತಿರ ಹೋಗುವುದೂ ಮುಂದಕ್ಕೆ ಹೋಗುತ್ತದೆ. ಹೆಸರು, ಘಟಕ ಏನೂ ಬರೆಯದ ಪೊಟ್ಟಣದ ಪುಡಿ ತಿಂದು ಎರಡೇ ದಿನದಲ್ಲಿ ಕೈ ಹಗುರಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಅನುಮಾನ ಪಡಬೇಕು. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಡುವುದೂ ಅಪಾಯ, ವೈದ್ಯರಿಗೆ ಹೇಳಿಯೇ ಇಳಿಸಬೇಕು.

ಮೊದಲ ಔಷಧ ಹೆಚ್ಚಿನವರಿಗೆ ಮೆಥೋಟ್ರೆಕ್ಸೇಟ್. ಶುರುಮಾಡುವ ಮೊದಲು ರಕ್ತಕಣಗಳ ಎಣಿಕೆ, ಲಿವರ್, ಕಿಡ್ನಿ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್‌ರೇ. ಗರ್ಭಿಣಿ ಅಲ್ಲ ಎಂಬುದು ಖಚಿತವಾಗಬೇಕು, ಏಕೆಂದರೆ ಇದು ಭ್ರೂಣಕ್ಕೆ ಹಾನಿ ಮಾಡುತ್ತದೆ. ಔಷಧ ನಡೆಯುವಷ್ಟು ಕಾಲ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಮಗು ಬೇಕೆಂದರೆ ಮೂರು ತಿಂಗಳು ಮೊದಲೇ ವೈದ್ಯರಿಗೆ ಹೇಳಿ ಬದಲಿಸಬೇಕು. ಸಾಮಾನ್ಯವಾಗಿ ವಾರಕ್ಕೆ 7.5ರಿಂದ 15 ಮಿಲಿಗ್ರಾಂನಿಂದ ಶುರುಮಾಡಿ, ಕೆಲವು ವಾರಗಳಲ್ಲಿ 20ರಿಂದ 25ರವರೆಗೆ ಏರಿಸುತ್ತಾರೆ.

ವಾರಕ್ಕೆ ಎಂಬ ಪದವನ್ನು ಇನ್ನೊಮ್ಮೆ ಓದಿ. ಈ ಔಷಧದಲ್ಲಿ ಆಗುವ ಅತಿ ದೊಡ್ಡ ಅನಾಹುತ, ವಾರಕ್ಕೊಮ್ಮೆಯ ಮಾತ್ರೆಯನ್ನು ದಿನಾ ನುಂಗುವುದು. ಪಟ್ಟಿಯಲ್ಲಿ ಹತ್ತು ಮಾತ್ರೆ ಇರುತ್ತವೆ, ಮನೆಯಲ್ಲಿ ಉಳಿದ ಎಲ್ಲ ಮಾತ್ರೆ ದಿನಾ ತಗೊಳ್ಳುವಂಥವು, ಚೀಟಿಯ ಅಕ್ಷರ ಅರ್ಥವಾಗುವುದಿಲ್ಲ. ಎರಡನೇ ವಾರದೊಳಗೆ ಬಾಯಿ ತುಂಬ ಹುಣ್ಣು, ಜ್ವರ, ಮೈಮೇಲೆ ಕೆಂಪು ಚುಕ್ಕೆ ಕಾಣಬಹುದು. ಮೂಳೆ ಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸುತ್ತಿದೆ ಎಂದು ಅದರ ಅರ್ಥ. ಹಾಗಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಇದಕ್ಕೆ ಫೋಲಿನಿಕ್ ಆಮ್ಲ ಕೊಡುತ್ತಾರೆ, ಮನೆಯಲ್ಲಿರುವ ಫೋಲಿಕ್ ಆಮ್ಲದ ಮಾತ್ರೆ ಅದಕ್ಕೆ ಸಾಲದು. ತಪ್ಪದಿರಲು ಸುಲಭ ಉಪಾಯ, ಊರ ಸಂತೆಯ ದಿನಕ್ಕೆ ಮಾತ್ರೆಯನ್ನು ಕಟ್ಟಿಹಾಕುವುದು. ಸಂತೆಯ ದಿನ ರಾತ್ರಿ ಊಟವಾದ ಮೇಲೆ ಮೆಥೋಟ್ರೆಕ್ಸೇಟ್, ಮರುದಿನ 5 ಮಿಲಿಗ್ರಾಂ ಫೋಲಿಕ್ ಆಮ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು. ಫೋಲಿಕ್ ಆಮ್ಲ ಹೊಟ್ಟೆ ತೊಳಸು, ಬಾಯಿಹುಣ್ಣು, ಲಿವರಿನ ತೊಂದರೆ ಕಡಿಮೆ ಮಾಡುತ್ತದೆ. ಎರಡೂ ಹಳದಿ ಸಣ್ಣ ಮಾತ್ರೆಗಳಾಗಿದ್ದರೆ ಬೇರೆ ಬೇರೆ ಡಬ್ಬಿಯಲ್ಲಿಡಿ.

ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ. ಹೆಂಡ, ಸಾರಾಯಿ ಬೇಡ. ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್ ಜೊತೆಗೆ ಸೇರಿದರೆ ಮಜ್ಜೆಗೆ ಪೆಟ್ಟು ಬೀಳುತ್ತದೆ, ಆದ್ದರಿಂದ ಯಾವ ವೈದ್ಯರ ಹತ್ತಿರ ಹೋದರೂ "ಮೆಥೋಟ್ರೆಕ್ಸೇಟ್ ತಗೊಳ್ತಿದ್ದೇನೆ" ಎಂದು ಮೊದಲೇ ಹೇಳಿ. ಮಲೆನಾಡಿನಲ್ಲಿ ಜ್ವರದ ಮಾತು ಪ್ರತ್ಯೇಕ. ಮಳೆಗಾಲಕ್ಕೆ ಇಲಿಜ್ವರ, ಡೆಂಗಿ, ಬೇಸಿಗೆ ಮುಂಚೆ ಮಂಗನ ಕಾಯಿಲೆ. ಜ್ವರ ಬಂದ ವಾರ ಮೆಥೋಟ್ರೆಕ್ಸೇಟ್ ನುಂಗದೆ, ವೈದ್ಯರನ್ನು ಕಂಡು ರಕ್ತಕಣ ಪರೀಕ್ಷೆ ಮಾಡಿಸಿ, ಅವರು ಹೇಳಿದ ಮೇಲೆ ಮತ್ತೆ ಶುರುಮಾಡಬೇಕು. ಒಂದು ವಾರ ತಪ್ಪಿದರೆ ರೋಗ ಕೆರಳುವುದಿಲ್ಲ. ಆ ಜ್ವರಗಳಲ್ಲಿ ಕೈನೋವಿಗೆಂದು ಡೈಕ್ಲೋಫೆನಾಕ್ ನುಂಗುವುದೂ ಬೇಡ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ.

ಮೆಥೋಟ್ರೆಕ್ಸೇಟ್ ಕೆಲಸ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಮೂರನೇ ವಾರಕ್ಕೆ "ಏನೂ ಗುಣ ಇಲ್ಲ" ಎಂದು ಬಿಡುವವರು ಇಲ್ಲೇ ಕಳೆದುಕೊಳ್ಳುತ್ತಾರೆ. ಆ ನಡುವಿನ ವಾರಗಳಿಗೆಂದೇ ವೈದ್ಯರು ಕಡಿಮೆ ಪ್ರಮಾಣದ ಪ್ರೆಡ್ನಿಸಲೋನ್ ಕೊಟ್ಟು, ಮೂರು ತಿಂಗಳೊಳಗೆ ಇಳಿಸಿ ನಿಲ್ಲಿಸುತ್ತಾರೆ. ಅದು ಸೇತುವೆ. ಸಕ್ಕರೆ ಕಾಯಿಲೆ, ಮೂಳೆ ಸಡಿಲವಾಗುವುದು, ಸೋಂಕು ಇವೆಲ್ಲ ಅದನ್ನು ವರ್ಷಗಟ್ಟಲೆ ಎಳೆದವರಿಗೆ ಬರುತ್ತವೆ.

ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದರೆ ತೂಕ ನೋಡಿ. ದಿನಕ್ಕೆ ಒಂದು ಕೆಜಿ ಮೈತೂಕಕ್ಕೆ 5 ಮಿಲಿಗ್ರಾಂ ಮೀರಬಾರದು. ಸೊಸೆಯ ತೂಕ 48 ಕೆಜಿ, ಅಂದರೆ 240 ಮಿಲಿಗ್ರಾಂ. ದಿನಕ್ಕೆ 200ರ ಒಂದು ಮಾತ್ರೆ ಸರಿ, ಎರಡು ಜಾಸ್ತಿ. ವರ್ಷಗಟ್ಟಲೆ ಹೆಚ್ಚಾದರೆ ಕಣ್ಣಿನ ಪರದೆಗೆ ಪೆಟ್ಟು, ಅದಕ್ಕೇ ಶುರುವಿನಲ್ಲೊಮ್ಮೆ, ಐದು ವರ್ಷದ ಮೇಲೆ ಪ್ರತಿ ವರ್ಷ ಕಣ್ಣು ತೋರಿಸಬೇಕು. ಕಿಡ್ನಿ ತೊಂದರೆ ಇದ್ದರೆ ಇನ್ನೂ ಬೇಗ. ಮೆಥೋಟ್ರೆಕ್ಸೇಟ್ ಹೊಂದದವರಿಗೆ ಲೆಫ್ಲುನಮೈಡ್, ಸಲ್ಫಸಲಜೀನ್ ಇವೆ. ಆರು ತಿಂಗಳಿಗೂ ಹತೋಟಿಗೆ ಬಾರದಿದ್ದರೆ ಬಯಲಾಜಿಕ್ ಇಂಜೆಕ್ಷನ್ ಅಥವಾ ಟೊಫಾಸಿಟಿನಿಬ್‌ನಂಥ ಮಾತ್ರೆ. ಅವುಗಳ ಮೊದಲು ಒಳಗೆ ಅಡಗಿದ ಕ್ಷಯ ಇದೆಯೇ ಎಂದು ಪರೀಕ್ಷೆ ಕಡ್ಡಾಯ.

ಗುಣ ಆಗುತ್ತಿದೆಯೇ ಎಂದು ಅಂದಾಜಿನಲ್ಲಿ ಹೇಳಬಾರದು, ಎಣಿಸಬೇಕು. ಪ್ರತಿ ಭೇಟಿಯಲ್ಲಿ ವೈದ್ಯರು 28 ಕೀಲು ಒತ್ತಿ ಊತ, ನೋವು ಎಣಿಸಿ, ಇಎಸ್‌ಆರ್ ಅಥವಾ ಸಿಆರ್‌ಪಿ ಸೇರಿಸಿ ಒಂದು ಅಂಕ ತೆಗೆಯುತ್ತಾರೆ. 5.1 ಮೀರಿದರೆ ರೋಗ ಜೋರು, 2.6ಕ್ಕಿಂತ ಕೆಳಗೆ ಬಂದರೆ ಅಡಗಿದೆ. ಮೂರು ತಿಂಗಳಿಗೆ ಸ್ಪಷ್ಟ ಇಳಿಕೆ ಕಾಣದಿದ್ದರೆ ಡೋಸ್ ಏರಿಸುವುದೋ ಔಷಧ ಬದಲಿಸುವುದೋ ಆಗಬೇಕು. ಅದೇ ಚೀಟಿಯನ್ನು ವರ್ಷವಿಡೀ ತಿರುಗಿಸಿ ತಿರುಗಿಸಿ ಔಷಧಿ ಅಂಗಡಿಗೆ ಕೊಡುವುದು ಚಿಕಿತ್ಸೆ ಅಲ್ಲ.

ಸಂಧಿವಾತ ತಜ್ಞರು ಹತ್ತಿರದಲ್ಲಿಲ್ಲದವರು ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಮೆಡಿಸಿನ್ ವಿಭಾಗದಿಂದ ಶುರುಮಾಡಬಹುದು. ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ನೋವು ಶುರುವಾದ ತಾರೀಕು, ಬೆಳಿಗ್ಗೆ ಏಳುವ ಹೊತ್ತು ಮತ್ತು ಕೈ ಸಡಿಲವಾಗುವ ಹೊತ್ತು, ಊದಿದ ಗಂಟುಗಳು, ಅದಕ್ಕೆ ಮೊದಲು ಜ್ವರ ಬಂದಿತ್ತೇ, ಈಗ ತಿನ್ನುತ್ತಿರುವ ಎಲ್ಲ ಮಾತ್ರೆ, ಪುಡಿ, ಕಷಾಯ. ಬೆಳಿಗ್ಗೆ ಊತ ಜೋರಿದ್ದಾಗ ಎರಡೂ ಕೈಯ ಫೋಟೋ ಫೋನಿನಲ್ಲಿ ತೆಗೆದಿಡಿ, ಬಸ್ಸಿನಲ್ಲಿ ಹೋಗಿ ಸರದಿ ಬರುವ ಹೊತ್ತಿಗೆ ಅದು ಇಳಿದಿರುತ್ತದೆ. ಆ ದಿನ ನೋವಿನ ಮಾತ್ರೆ ನುಂಗಿದ್ದರೆ ಅದನ್ನೂ ಹೇಳಿ.

ಸೊಸೆಯ ಲೆಕ್ಕ ಆರು ತಿಂಗಳಿಗೆ ಹೀಗೆ ಬರಬಹುದು: ಮೆಥೋಟ್ರೆಕ್ಸೇಟ್ ವಾರಕ್ಕೆ 20 ಮಿಲಿಗ್ರಾಂ, ಪ್ರೆಡ್ನಿಸಲೋನ್ ನಿಂತಿದೆ, ಸಿಆರ್‌ಪಿ 3, ಬೆಳಗಿನ ಬಿಗಿತ ಹತ್ತು ನಿಮಿಷ, ಆರೂವರೆಗೆ ರೊಟ್ಟಿ ತಟ್ಟುತ್ತಾಳೆ. ಈ ಹಂತದಲ್ಲೇ ಮನೆಯವರು "ಗುಣ ಆಯ್ತಲ್ಲ, ಇನ್ಯಾಕೆ ಮಾತ್ರೆ" ಎನ್ನುವುದು. ಒಮ್ಮೆಲೇ ಬಿಟ್ಟವರಲ್ಲಿ ಹೆಚ್ಚಿನವರಿಗೆ ತಿಂಗಳುಗಳಲ್ಲಿ ಊತ ಮರಳುತ್ತದೆ. ರೋಗ ಅಡಗಿ ಕನಿಷ್ಠ ಆರು ತಿಂಗಳು ಹಾಗೇ ಉಳಿದ ಮೇಲೆ ಡೋಸ್ ಇಳಿಸುವ ಮಾತನ್ನು ವೈದ್ಯರ ಜೊತೆ ಎತ್ತಬಹುದು, ಅದೂ ಸ್ವಲ್ಪ ಸ್ವಲ್ಪವಾಗಿ. ಇಳಿಸುವ ತಿಂಗಳುಗಳಲ್ಲಿ ಮತ್ತೆ ರೊಟ್ಟಿಯ ಹೊತ್ತನ್ನೇ ನೋಡುತ್ತಿರಬೇಕು. ಆರೂವರೆ ಏಳೂವರೆಯಾಗಿ ಒಂದು ವಾರ ಹಾಗೇ ನಿಂತರೆ ಮುಂದಿನ ತಾರೀಕಿಗೆ ಕಾಯದೆ ಹೋಗಿ ತೋರಿಸಬೇಕು.